ಪದಚರ್ಚೆ: ಇಲಿಯಾಸ್ಟಮಿ ಕರಪತ್ರಕ್ಕೆ ‘ಭೇದಿ’, ‘ನೀರು’, ‘ಮಲಬದ್ಧತೆ’ ಸರಿಯೇ?

ಡಯಟಿಷಿಯನ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಇಲಿಯಾಸ್ಟಮಿ ಆದವರಿಗಾಗಿ, ಅಂದರೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು, ಸ್ಟೋಮಾ ಎಂಬ ಆ ಬಾಯಿಗೆ ಚೀಲ ಅಂಟಿಸಿ ಮನೆಗೆ ಕಳಿಸಿದವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಆಪರೇಷನ್ ಆದ ಮೊದಲ ಕೆಲವು ವಾರಗಳ ಊಟ, ಕುಡಿಯುವುದರ ಬಗ್ಗೆ. ಮೂರು ಪದಗಳ ಹತ್ತಿರ ನಿಂತಿದ್ದೇನೆ.

ಚೀಲಕ್ಕೆ ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ಬಂದರೆ ಡಾಕ್ಟರು ‘ಹೈ ಔಟ್‌ಪುಟ್’ ಅನ್ನುತ್ತಾರೆ. ಹಳೇ ಕರಪತ್ರದಲ್ಲಿ ಅದು ‘ಭೇದಿ’. ‘ಫ್ಲೂಯಿಡ್ಸ್’ಗೆ ‘ನೀರು’. ‘ಬ್ಲಾಕೇಜ್’ಗೆ ‘ಮಲಬದ್ಧತೆ’.

ಇವನ್ನು ಬದಲಿಸಲೇಬೇಕು ಅನ್ನಿಸಿದ್ದು ಒಬ್ಬ ರೈತರನ್ನು ನೋಡಿದ ಮೇಲೆ. ಮನೆಗೆ ಹೋದ ಎರಡನೇ ವಾರಕ್ಕೇ ವಾಪಸ್ ಬಂದರು. ನಾಲಿಗೆ ಒಣಗಿತ್ತು. ಎದ್ದು ನಿಂತರೆ ತಲೆ ಸುತ್ತು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಮೂತ್ರ ತೀರಾ ಕಡಿಮೆ. ಚೀಲದ್ದನ್ನು ಅಳೆದರೆ ದಿನಕ್ಕೆ 2.2 ಲೀಟರ್. ಅವರ ಹೆಂಡತಿ ಹೇಳಿದರು: “ನೀವು ಬರೆದಂಗೇ ನೀರು ಕುಡಿಸೀವಿ ಮೇಡಂ, ದಿನಕ್ಕೆ ನಾಲ್ಕು ಲೀಟ್ರು. ಮ್ಯಾಲೆ ಎಳನೀರು.” ಬಿಪಿ ಇದೆ ಎಂದು ಉಪ್ಪನ್ನು ಪೂರ್ತಿ ಬಿಡಿಸಿದ್ದರು. ಆ ಹೆಣ್ಣುಮಗಳದ್ದು ಏನೂ ತಪ್ಪಿಲ್ಲ. ಕಾಗದ ಹೇಳಿದ್ದನ್ನೇ ಮಾಡಿದ್ದಾರೆ.

ನಿವೃತ್ತ ಕನ್ನಡ ಅಧ್ಯಾಪಕರು, ಮೈಸೂರು:

‘ಭೇದಿ’ಯಲ್ಲಿ ಏನು ದೋಷ? ಎಲ್ಲರಿಗೂ ಗೊತ್ತಿರುವ ಪದ. ಬೇಡವೆಂದರೆ ‘ಅತಿಸಾರ’ ಇದೆ. ಫ್ಲೂಯಿಡ್ಸ್‌ಗೆ ‘ದ್ರವಾಹಾರ’ ಅನ್ನಿ. ಆದರೆ ಮೈಯ ನೀರು ಹೋಗುತ್ತಿರುವಾಗ ನೀರು ಕುಡಿಯಬೇಕು ತಾನೆ? ಎಳನೀರಿನಲ್ಲಿ ಲವಣಾಂಶವೂ ಇದೆ. ಅದರಿಂದ ತೊಂದರೆ ಹೇಗಾಯಿತು, ತಿಳಿಯಲಿಲ್ಲ.

ಸ್ಟೋಮಾ ನರ್ಸ್, ಮಂಗಳೂರು:

ಸರ್, ಎಳನೀರಿನಲ್ಲಿ ಲವಣ ಇರುವುದು ನಿಜ. ಆದರೆ ಅದರಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ. ಇವರಿಗೆ ಹೋಗುತ್ತಿರುವುದು ಸೋಡಿಯಂ, ಅಂದರೆ ಅಡುಗೆ ಉಪ್ಪಿನದ್ದು. ಚೀಲಕ್ಕೆ ಬರುವ ಒಂದೊಂದು ಲೀಟರಿನಲ್ಲೂ ಸುಮಾರು 6 ಗ್ರಾಂ ಉಪ್ಪು ಹೋಗುತ್ತದೆ, ಹೆಚ್ಚುಕಡಿಮೆ ಒಂದು ಮಟ್ಟ ಚಮಚ. ಆ ರೈತರಿಗೆ ದಿನಕ್ಕೆ ಎರಡು ಚಮಚಕ್ಕಿಂತ ಜಾಸ್ತಿ ಹೋಗುತ್ತಿತ್ತು. ಊಟದಲ್ಲಿ ಬರುತ್ತಿದ್ದದ್ದು ಹತ್ತಿರ ಹತ್ತಿರ ಸೊನ್ನೆ.

ಈ ನೀರನ್ನೂ ಉಪ್ಪನ್ನೂ ವಾಪಸ್ ಎಳೆದುಕೊಳ್ಳುವ ಕೆಲಸ ದೊಡ್ಡ ಕರುಳಿನದು. ಈಗ ಅದು ದಾರಿಯಲ್ಲೇ ಇಲ್ಲ. ಸಣ್ಣ ಕರುಳಿನ ಮೇಲ್ಭಾಗದ ಗೋಡೆಯೋ, ಎರಡೂ ಕಡೆಗೆ ಸೋರುವಂಥದ್ದು. ಉಪ್ಪಿಲ್ಲದ ನೀರು ಅಲ್ಲಿಗೆ ಬಂದರೆ ರಕ್ತದ ಉಪ್ಪು ಅದಕ್ಕೆ ಇಳಿಯುತ್ತದೆ, ಹಿಂದೆಯೇ ನೀರೂ ಇಳಿಯುತ್ತದೆ. ಚೀಲ ಇನ್ನೂ ಬೇಗ ತುಂಬುತ್ತದೆ. ಬಾಯಾರಿಕೆ ಏರುತ್ತದೆ, ಮತ್ತೆ ನೀರು ಕುಡಿಯುತ್ತಾರೆ. ಬರೀ ನೀರು, ಟೀ, ಎಳನೀರು, ಜ್ಯೂಸ್ ಎಲ್ಲದರದ್ದೂ ಇದೇ ಕಥೆ. ಜ್ಯೂಸಿನ ಸಕ್ಕರೆ ಬೇರೆ ನೀರನ್ನು ಎಳೆಯುತ್ತದೆ.

ಇದು ಚೀಲ ಅತಿಯಾಗಿ ತುಂಬುವವರ ಮಾತು, ಎಲ್ಲರಿಗೂ ಅಲ್ಲ. ಚೀಲಕ್ಕೆ ಬರುವುದು ಗಂಜಿಯ ಹದಕ್ಕೆ ಗಟ್ಟಿಯಾಗಿ, ದಿನಕ್ಕೆ 500ರಿಂದ 800 ಮಿಲಿಗೆ ನಿಂತವರು ಮಾಮೂಲಿಯಂತೆ ಕುಡಿಯಬಹುದು. ನಿಮ್ಮ ರೈತರಿಗೆ ಮುಂದೇನು ಮಾಡಿದಿರಿ ಮೇಡಂ?

ಡಯಟಿಷಿಯನ್, ದಾವಣಗೆರೆ:

ಮೊದಲು ಡ್ರಿಪ್ ಹಾಕಿದರು. ಮೂತ್ರದ ಸೋಡಿಯಂ ಪರೀಕ್ಷೆಯಲ್ಲಿ ಲೀಟರಿಗೆ 20 ಮಿಲಿಮೋಲ್‌ಗಿಂತ ಕೆಳಗಿತ್ತು. ದೇಹ ಉಪ್ಪನ್ನು ಬಿಗಿಹಿಡಿದಿದೆ ಅಂತ ಅರ್ಥ. ಆಮೇಲೆ ದಿನಕ್ಕೆ ಒಂದು ಲೀಟರ್ ಓಆರ್‌ಎಸ್, ಗುಟುಕು ಗುಟುಕಾಗಿ. ನೀರು, ಟೀ ಎಲ್ಲ ಸೇರಿ ಇನ್ನೊಂದು ಲೀಟರ್ ಮಾತ್ರ. ಉಪ್ಪು ಹಾಕಿದ ಗಂಜಿ, ಮೆತ್ತಗೆ ಬೇಯಿಸಿದ ಮೊಸರನ್ನ, ಬಾಳೆಹಣ್ಣು. ಬಿಪಿ ಮಾತ್ರೆಯನ್ನು ಡಾಕ್ಟರೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಸೋಂಕು ಇಲ್ಲ, ತಡೆಯೂ ಇಲ್ಲ ಎಂದು ಖಚಿತವಾದ ಮೇಲೆ ಊಟಕ್ಕೆ ಅರ್ಧ ಗಂಟೆ ಮೊದಲು, ಕರುಳಿನ ಓಟ ತಗ್ಗಿಸುವ ಲೋಪೆರಮೈಡ್ ಮಾತ್ರೆ ಕೊಟ್ಟರು. ನಾಲ್ಕನೇ ದಿನಕ್ಕೆ 1.1 ಲೀಟರಿಗೆ ಇಳಿಯಿತು.

ಸ್ಟೋಮಾ ನರ್ಸ್, ಮಂಗಳೂರು:

ಓಆರ್‌ಎಸ್‌ನ ಒಂದು ಲೀಟರಿನ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರಿಗೇ ಕಲಸಬೇಕು ಅಂತ ದಪ್ಪ ಅಕ್ಷರದಲ್ಲಿ ಹಾಕಿ. ರುಚಿ ಇಲ್ಲ ಎಂದು ಎರಡು ಲೀಟರಿಗೆ ಕಲಸಿ ಕೊಡುವವರಿದ್ದಾರೆ. ಪೊಟ್ಟಣದಲ್ಲಿ ಲೀಟರಿಗೆ ಸೋಡಿಯಂ 75 ಮಿಲಿಮೋಲ್. ಚೀಲಕ್ಕೆ ತುಂಬಾ ಬರುವವರಿಗೆ 90ರಷ್ಟಾದರೂ ಬೇಕಾಗುತ್ತದೆ. ಆಗ ಕೆಲವು ಡಾಕ್ಟರು ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬರೆದುಕೊಡುತ್ತಾರೆ. ಅದನ್ನು ತೂಕ ಮಾಡಿಯೇ ಹಾಕಬೇಕು. ಕಣ್ಣಂದಾಜು ಬೇಡ.

ಓದುಗರೊಬ್ಬರು, ಶಿವಮೊಗ್ಗ:

ನಮ್ಮ ತಂದೆಗೂ ಹೊಟ್ಟೆಯ ಎಡಗಡೆ ಚೀಲ ಇತ್ತು. ಡಾಕ್ಟರು ಸೊಪ್ಪು, ಹಣ್ಣು ಚೆನ್ನಾಗಿ ತಿನ್ನಿ, ನೀರು ಧಾರಾಳ ಕುಡಿಯಿರಿ ಅಂದಿದ್ದರು. ಗಟ್ಟಿ ಆದರೆ ಇಸಬ್ಗೋಲ್ ಕೊಡುತ್ತಿದ್ದೆವು. ಯಾವ ತೊಂದರೆಯೂ ಆಗಲಿಲ್ಲ. ಸುಮ್ನೆ ಜನರನ್ನು ಹೆದರಿಸುವುದು ಬೇಡ ಅನ್ನಿಸುತ್ತದೆ. ‘ಮಲಬದ್ಧತೆ’ ಸರಿಯಾಗಿಯೇ ಇದೆ.

ಸ್ಟೋಮಾ ನರ್ಸ್, ಮಂಗಳೂರು:

ಎಡಗಡೆ, ಗಟ್ಟಿ ಮಲ ಅಂದರೆ ನಿಮ್ಮ ತಂದೆಯವರದು ದೊಡ್ಡ ಕರುಳಿನ ಚೀಲ ಆಗಿರಬೇಕು. ಅವರಿಗೆ ಹೇಳಿದ್ದು ಅವರಿಗೆ ಸರಿ. ಅದೇ ಮಾತು ಸಣ್ಣ ಕರುಳಿನ ಚೀಲದವರ ಮನೆಗೆ ಹೋದರೆ ಅಪಾಯ. ಕರಪತ್ರದ ತಲೆಯಲ್ಲೇ ‘ಸಣ್ಣ ಕರುಳಿನ ಚೀಲದವರಿಗೆ ಮಾತ್ರ’ ಅಂತ ಬರಲಿ ಮೇಡಂ.

‘ಮಲಬದ್ಧತೆ’ ಅಂದ ಕೂಡಲೇ ಮನೆಯಲ್ಲಿ ಹರಳೆಣ್ಣೆ ಹೊರಬರುತ್ತದೆ. ಇಲ್ಲಿ ಆಗಿರುವುದು ಬೇರೆ. ಆಪರೇಷನ್ ಆದ ಆರೆಂಟು ವಾರ ಕರುಳು ಊದಿಕೊಂಡಿರುತ್ತದೆ. ಹೊಟ್ಟೆಯ ಗೋಡೆ ದಾಟುವ ಕಡೆ ದಾರಿ ಕಿರಿದು. ನಾರು, ಸಿಪ್ಪೆ ಅಗಿಯದೆ ನುಂಗಿದರೆ ಅಲ್ಲಿ ಉಂಡೆಯಾಗಿ ನಿಲ್ಲುತ್ತದೆ. ನಮ್ಮ ಕಡೆ ನಾನು ಮೊದಲು ಕೇಳುವುದೇ ತೆಂಗಿನ ತುರಿ. ಆಮೇಲೆ ಮುಸುಕಿನ ಜೋಳ, ಬಾಳೆದಿಂಡು, ನುಗ್ಗೆಕಾಯಿ, ಅಣಬೆ, ಕಡಲೆಬೀಜ, ಕಿತ್ತಳೆ ತೊಳೆಯ ಪೊರೆ. ಸಿಪ್ಪೆ ಸಮೇತದ ಅವರೆಕಾಳು ಬೇಡ. ಹಿತಕಿದ ಬೇಳೆಯನ್ನು ನುಣ್ಣಗೆ ಬೇಯಿಸಿ ಸ್ವಲ್ಪ ಕೊಟ್ಟು ನೋಡಬಹುದು.

ಇನ್ನು ‘ಭೇದಿ’ ಪದದ ದೋಷ ಏನು ಅಂದಿರಲ್ಲ ಸರ್, ಅದು ಇಲ್ಲೇ ಇದೆ. ಪೂರ್ತಿ ತಡೆಯಾದರೆ ಚೀಲಕ್ಕೆ ಏನೂ ಬರುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ. ಅರ್ಧ ತಡೆಯಾದರೆ ಉಂಡೆಯ ಪಕ್ಕದಿಂದ ತೆಳು ನೀರು, ಕೆಟ್ಟ ವಾಸನೆಯದು, ಚಿಮ್ಮಿ ಬರುತ್ತದೆ. ಮನೆಯವರು ಭೇದಿ ಅಂದುಕೊಂಡು ಲೋಪೆರಮೈಡ್ ಕೊಡುತ್ತಾರೆ. ಕೊಡಲೇಬಾರದು. ಅಲೆ ಅಲೆಯಾಗಿ ಹೊಟ್ಟೆ ಹಿಡಿಯುವ ನೋವು, ಊದಿದ ಸ್ಟೋಮಾ, ಜೊತೆಗೆ ನೀರು. ಈ ಮೂರೂ ಒಟ್ಟಿಗೆ ಇದ್ದರೆ ಅದು ತಡೆ ಎಂದೇ ತಿಳಿಯಬೇಕು.

ಆಗ ಗಟ್ಟಿ ಊಟ ನಿಲ್ಲಿಸಿ. ವಾಂತಿ ಇಲ್ಲದಿದ್ದರೆ ಗುಟುಕು ಗುಟುಕು ಕುಡಿಸಿ. ಸ್ಟೋಮಾ ಊದಿದ್ದರೆ ಚೀಲದ ತೂತು ದೊಡ್ಡದು ಮಾಡಿ. ವಾಂತಿಯಾದರೆ, ಅಥವಾ ನೋವಿನ ಜೊತೆ ನಾಲ್ಕಾರು ಗಂಟೆ ಚೀಲ ಖಾಲಿಯೇ ಇದ್ದರೆ, ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೊರಡಿ.

ನಿವೃತ್ತ ಕನ್ನಡ ಅಧ್ಯಾಪಕರು, ಮೈಸೂರು:

ಹಾಗಾದರೆ ‘ಭೇದಿ’ಯನ್ನು ಹಿಂತೆಗೆದುಕೊಂಡೆ. ‘ಅತಿಸಾರ’ಕ್ಕೂ ಅದೇ ತೊಡಕು. ಬ್ಲಾಕೇಜ್‌ಗೆ ‘ಕರುಳು ಕಟ್ಟಿದೆ’ ಅಂದರೆ?

ಅನುವಾದಕರು, ಕಲಬುರಗಿ:

ನಮ್ಮ ಕಡೆ ‘ಹೊಟ್ಟಿ ಕಟ್ಟ್ಯದ’ ಅಂದರ ಮಲಬದ್ಧತೆನೇ. ‘ಕಟ್ಟಿದೆ’ ಅಂದರ ಮತ್ತ ಹರಳೆಣ್ಣಿನೇ ಕುಡಿಸ್ತಾರ. ‘ಉಂಡದ್ದು ಕರುಳಾಗ ಸಿಕ್ಕೊಂಡದ’ ಅಂದರ ಯಾರಿಗಾದರೂ ತಿಳೀತದ.

ಡಯಟಿಷಿಯನ್, ದಾವಣಗೆರೆ:

ಎಲ್ಲರಿಗೂ ಧನ್ಯವಾದ. ‘ಹೈ ಔಟ್‌ಪುಟ್’ಗೆ ‘ಚೀಲ ಅತಿಯಾಗಿ ತುಂಬುವುದು’ ಅಂತ ಹಾಕಿ, ಪಕ್ಕದಲ್ಲಿ ಒಂದೂವರೆ ಲೀಟರಿನ ಗೆರೆ ಇರುವ ಜಗ್ಗಿನ ಚಿತ್ರ ಕೊಡುತ್ತೇನೆ. ‘ನೀರು’ ತೆಗೆದು ‘ಉಪ್ಪಿರುವ ಪಾನೀಯ’, ‘ಉಪ್ಪಿಲ್ಲದ ಪಾನೀಯ’ ಎಂದು ಎರಡು ಸಾಲು. ಬ್ಲಾಕೇಜ್‌ಗೆ ‘ಊಟ ಕರುಳಿನಲ್ಲಿ ಸಿಕ್ಕಿಕೊಳ್ಳುವುದು’ ಉದ್ದ ಆಯಿತು, ತಲೆಬರಹಕ್ಕೆ ಕೂರುತ್ತಿಲ್ಲ. ‘ತಡೆ’ ಅಂದರೆ ಸಾಕೇ, ಅಥವಾ ಜನ ಏನು ತಡೆ ಅಂತ ಕೇಳುತ್ತಾರೆಯೇ? ಇನ್ನೊಂದು: ಹೃದಯ, ಕಿಡ್ನಿ ತೊಂದರೆ ಇರುವವರು ಉಪ್ಪಿನ ಸಾಲನ್ನು ಡಾಕ್ಟರನ್ನು ಕೇಳದೆ ಪಾಲಿಸಬಾರದು. ಅದನ್ನು ಉಪ್ಪಿನ ಸಾಲಿನೊಳಗೇ ಸೇರಿಸಲೇ, ಬೇರೆ ಚೌಕದಲ್ಲಿ ಹಾಕಲೇ? ಬೇರೆ ಚೌಕವನ್ನು ಎಷ್ಟೋ ಜನ ಓದುವುದಿಲ್ಲ.