ನೋಟಿಸ್ ಮುಗಿಸಿ ಬಂದೆ, ಸೆಟಲ್‌ಮೆಂಟ್ ಹಣ ಬಂದಿಲ್ಲ. ಪತ್ರ ಹೇಗೆ ಬರೆಯಲಿ?

"ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ 6 ವರ್ಷ 2 ತಿಂಗಳು ಕೆಲಸ ಮಾಡಿದೆ. 30 ದಿನದ ನೋಟಿಸ್ ಪೂರ್ತಿ ಮಾಡಿ ಜೂನ್ 15ಕ್ಕೆ ಬಿಟ್ಟೆ. ಎರಡು ತಿಂಗಳಾಯ್ತು. ಕೇಳಿದರೆ 'ಪ್ರೋಸೆಸ್‌ನಲ್ಲಿದೆ' ಅಂತಾರೆ. ಪತ್ರ ಬರೆಯೋಣ ಅಂತಿದ್ದೇನೆ. ಅನುಭವ ಇರುವವರು ಹೇಳಿ."

ಮಾಲೂರಿನಿಂದ: 45 ದಿನ ಕಂಪನಿಗೆ ಟೈಮ್ ಇರುತ್ತೆ ಅಂತ ಕಾನೂನೇ ಇದೆ. ಅದು ದಾಟಿದೆ ಅಲ್ವಾ, ಈಗ ಧೈರ್ಯವಾಗಿ ಕೇಳಿ.

ನರಸಾಪುರದಿಂದ: ಹತ್ತು ವರ್ಷ ಸಂಬಳದ ಲೆಕ್ಕ ನೋಡಿಕೊಂಡವನು ನಾನು. 45 ದಿನ ಅನ್ನುವುದು ಕಂಪನಿಗಳ ರೂಢಿ, ಕಾನೂನಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ 17ನೇ ಕಲಂ ಪ್ರಕಾರ, ರಾಜೀನಾಮೆ ಕೊಟ್ಟವರಿಗೂ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಸಿಗಬೇಕು. ಗ್ರಾಚ್ಯುಟಿಗೆ ಮಾತ್ರ 30 ದಿನ. ನಿಮಗೆ ಎರಡೂ ದಾಟಿದೆ.

ಪತ್ರದಲ್ಲಿ "ನನ್ನ ಬಾಕಿ ಕೊಡಿ" ಅಂತ ಒಂದೇ ಸಾಲು ಬರೆದರೆ ಅವರು ಏನೋ ಒಂದು ಮೊತ್ತ ಹಾಕಿ ಮುಗಿಸುತ್ತಾರೆ. ಬಾಬ್ತು ಬಾಬ್ತಾಗಿ ಕೇಳಿ. ನಿಮ್ಮ ಸಂಬಳ 21,000, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,600 ಅಂತ ಇಟ್ಟುಕೊಳ್ಳಿ. ಜೂನ್‌ನ 15 ದಿನಕ್ಕೆ 10,500 ಆಗುತ್ತದೆ. ಗ್ರಾಚ್ಯುಟಿಗೆ 15,600ನ್ನು 26ರಿಂದ ಭಾಗಿಸಿದರೆ ದಿನಕ್ಕೆ 600, ವರ್ಷಕ್ಕೆ 15 ದಿನದಂತೆ 9,000, ಆರು ವರ್ಷಕ್ಕೆ 54,000. ಮೇಲಿನ ಎರಡು ತಿಂಗಳು ಲೆಕ್ಕಕ್ಕೆ ಬರುವುದಿಲ್ಲ, ಆರು ತಿಂಗಳು ಮೀರಿದ್ದರೆ ಇನ್ನೊಂದು ವರ್ಷ ಸೇರುತ್ತಿತ್ತು. ಉಳಿದ ಗಳಿಕೆ ರಜೆಗೆ ಮೊತ್ತ ಬರೆಯಬೇಡಿ. ಎಷ್ಟು ದಿನ ಇದೆ ಅಂತ ಬರೆದು, ಯಾವ ದರದಲ್ಲಿ ಕಟ್ಟುತ್ತೀರಿ ಅಂತ ಕೇಳಿ.

ಗೌರಿಬಿದನೂರಿನಿಂದ: ನನಗೆ ಪಿಎಫ್ ತೆಗೆಯೋಕೇ ಆಗಲಿಲ್ಲ. ಕೆಲಸ ಬಿಟ್ಟ ದಿನಾಂಕವನ್ನೇ ಅವರು ಹಾಕಿರಲಿಲ್ಲ. ಕೊನೆಗೆ ನಾನೇ ಪೋರ್ಟಲ್‌ನಲ್ಲಿ ಹಾಕಿದೆ. ಇವರಿಗೂ ಅದೇ ಸಮಸ್ಯೆ ಇರಬಹುದು.

ನರಸಾಪುರದಿಂದ: ಪಿಎಫ್ ಹಣ ಕಂಪನಿ ಕೊಡುವುದಲ್ಲ, ಸೆಟಲ್‌ಮೆಂಟ್‌ನಲ್ಲಿ ಸೇರಿಸಬೇಡಿ ಅಕ್ಕ. ಆದರೆ ಬಿಟ್ಟ ದಿನಾಂಕ ಹಾಕಿ ಅಂತ ಪತ್ರದಲ್ಲಿ ಒಂದು ಸಾಲು ಇರಲಿ. ನೀವು ನೆನಪಿಸಿದ್ದು ಒಳ್ಳೆಯದಾಯಿತು.

ಮಾಲೂರಿನಿಂದ: ರಜೆ ದುಡ್ಡು ಮೂಲ ವೇತನದ ಮೇಲೆ ತಾನೇ? ನಮ್ಮಲ್ಲಿ ಹಾಗೇ ಕೊಟ್ಟರು.

ನರಸಾಪುರದಿಂದ: ಕಾರ್ಖಾನೆಗಳಲ್ಲಿ ಭತ್ಯೆ ಸೇರಿಸಿ ಕೊಡಬೇಕು ಅಂತ ನನ್ನ ವಾದ. ತುಂಬಾ ಕಡೆ ಮೂಲ ವೇತನಕ್ಕೇ ನಿಲ್ಲಿಸುತ್ತಾರೆ. ಅದಕ್ಕೇ ದರ ಬರವಣಿಗೆಯಲ್ಲಿ ತರಿಸಿಕೊಳ್ಳಿ ಅಂದದ್ದು.

ತುಮಕೂರಿನಿಂದ: ನನ್ನದು ಬೇರೆ ಗೋಳು. ಹಣ ಕೊಡೋಕೆ ಮುಂಚೆ "ಇನ್ನೇನೂ ಬಾಕಿ ಇಲ್ಲ" ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆಮೇಲೆ ಗ್ರಾಚ್ಯುಟಿ ಕೇಳಿದರೆ ಅದನ್ನೇ ತೋರಿಸಿದರು.

ನರಸಾಪುರದಿಂದ: ಅಣ್ಣ ಹೇಳಿದ್ದು ಮುಖ್ಯ. ಲೆಕ್ಕದ ಪಟ್ಟಿ ನೋಡಿ, ಹಣ ಖಾತೆಗೆ ಬಿದ್ದ ಮೇಲೆ ಸಹಿ ಹಾಕಿ. ಪತ್ರಕ್ಕೆ ರಾಜೀನಾಮೆ ಒಪ್ಪಿದ ಮೇಲ್, ಐಡಿ ಕಾರ್ಡ್ ವಾಪಸ್ ಕೊಟ್ಟ ರಸೀದಿ, ಕೊನೆಯ ಸಂಬಳದ ಚೀಟಿ ಜೋಡಿಸಿ. ಮೇಲ್ ಮಾಡಿ, ಜೊತೆಗೆ ಸ್ವೀಕೃತಿ ಬರುವ ಹಾಗೆ ಅಂಚೆಯಲ್ಲೂ ಕಳಿಸಿ. ಕೊನೆಗೆ ಹೀಗೆ ಬರೆಯಿರಿ: "ಈ ಪತ್ರ ತಲುಪಿದ 7 ದಿನದೊಳಗೆ ಲೆಕ್ಕದ ಪಟ್ಟಿಯೊಂದಿಗೆ ಹಣ ಪಾವತಿಸಬೇಕು. ಇಲ್ಲವಾದರೆ ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆ."

ಕೇಳಿದವರು: ಐಡಿ ಕಾರ್ಡ್ ಕೊಟ್ಟದ್ದಕ್ಕೆ ರಸೀದಿ ತಗೊಂಡಿಲ್ಲ ಸರ್. ಸೆಕ್ಯುರಿಟಿಯವರ ಕೈಗೆ ಕೊಟ್ಟು ಬಂದೆ.

ನರಸಾಪುರದಿಂದ: ಹಾಗಾದರೆ ಯಾವ ದಿನ, ಯಾವ ಗೇಟಿನಲ್ಲಿ ಕೊಟ್ಟಿರಿ ಅಂತ ಪತ್ರದಲ್ಲೇ ಬರೆಯಿರಿ. ಇಲ್ಲ ಅನ್ನುವುದಾದರೆ ಅವರು ಬರವಣಿಗೆಯಲ್ಲಿ ಹೇಳಲಿ.