ಪ್ರಶ್ನೋತ್ತರ: ರೋಬಸ್ಟ್ ಹಾಕಿದ ಮೇಲೆ ಸ್ಟ್ಯಾಂಡರ್ಡ್ ಎರರ್ ಕಡಿಮೆಯಾದರೆ?

ಸಂಶೋಧನಾರ್ಥಿ, ಅರ್ಥಶಾಸ್ತ್ರ: ಮೇಡಂ, 36 ರಾಗಿ ಬೆಳೆಗಾರ ಕುಟುಂಬಗಳ ಸಮೀಕ್ಷೆ ಮಾಡಿದ್ದೇನೆ. ರಾಗಿಯ ಕೂಲಿ ವೆಚ್ಚವನ್ನು ಜಮೀನಿನ ಎಕರೆಯ ಮೇಲೆ ರಿಗ್ರೆಸ್ ಮಾಡಿದಾಗ ಎಕರೆಗೆ 2,100 ರೂಪಾಯಿ ಎಂದು ಬಂತು. ಸಾಮಾನ್ಯ ಸ್ಟ್ಯಾಂಡರ್ಡ್ ಎರರ್ 164. ಬ್ರೂಷ್–ಪೇಗನ್ ಪರೀಕ್ಷೆಯ ಪಿ-ಮೌಲ್ಯ 0.8ಕ್ಕಿಂತ ಹೆಚ್ಚಿದೆ. ಆದರೂ ಗೈಡ್ ಹೇಳಿದರೆಂದು ಸ್ಟಾಟಾದಲ್ಲಿ robust ಹಾಕಿದೆ, 154ಕ್ಕೆ ಇಳಿಯಿತು. ಫಲಿತಾಂಶ ಇನ್ನಷ್ಟು ಗಟ್ಟಿಯಾಯಿತು ಎಂದು ಪ್ರಬಂಧದಲ್ಲಿ ಬರೆಯಬಹುದೇ? ಮೂವತ್ತೈದು ಕುಟುಂಬಗಳದ್ದು ಚಿಕ್ಕ ಹಿಡುವಳಿ, ಸರಾಸರಿ 3 ಎಕರೆ. ಒಬ್ಬರದು ಮಾತ್ರ 40 ಎಕರೆ.

ಸಂಖ್ಯಾಶಾಸ್ತ್ರ ಪ್ರಾಧ್ಯಾಪಕಿ: ಬರೆಯಬೇಡಿ. ನಿಮ್ಮ ಕೊನೆಯ ವಾಕ್ಯವನ್ನು ಓದಿದ ಮೇಲೆ ನನಗೆ ಆತಂಕವಾಯಿತು. ನೀವು ಕೊಟ್ಟ ವಿವರಗಳಿಂದ, ಚಿಕ್ಕ ಹಿಡುವಳಿಗಳು ಸರಾಸರಿಯಿಂದ ಒಂದೂವರೆ ಎಕರೆಯಷ್ಟು ಆಚೀಚೆ ಹರಡಿವೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಆ 40 ಎಕರೆಯ ರೈತರ ಲೆವರೇಜ್, ಅಂದರೆ ರೇಖೆಯನ್ನು ತಮ್ಮತ್ತ ಎಳೆಯುವ ಬಲ, ಸುಮಾರು 0.946 ಬರುತ್ತದೆ. ಒಂದು ಅವಲೋಕನದ ಲೆವರೇಜ್ 1ನ್ನು ಮೀರುವಂತಿಲ್ಲ. ನಿಮ್ಮ ರೇಖೆಯನ್ನು ಹೆಚ್ಚುಕಡಿಮೆ ಅವರೊಬ್ಬರೇ ಹಿಡಿದುಕೊಂಡಿದ್ದಾರೆ.

ಇದರ ಪರಿಣಾಮವನ್ನು ನಿಧಾನವಾಗಿ ನೋಡಿ. ಉಳಿದ ಮೂವತ್ತೈದು ಜನರಿಂದಲೇ ಎಳೆದ ರೇಖೆಯು ಆ 40 ಎಕರೆಯವರ ವೆಚ್ಚವನ್ನು ಒಂದು ಲಕ್ಷ ರೂಪಾಯಿಯಷ್ಟು ತಪ್ಪಾಗಿ ಊಹಿಸಿತು ಎಂದುಕೊಳ್ಳೋಣ. ಅವರನ್ನೂ ಸೇರಿಸಿ ರೇಖೆ ಎಳೆದಾಗ ರೇಖೆಯೇ ಅವರತ್ತ ವಾಲುತ್ತದೆ, ಆದ್ದರಿಂದ ಅವರ ರೆಸಿಡ್ಯುಯಲ್ ಒಂದು ಲಕ್ಷವಾಗಿ ಕಾಣದೆ, ಅದರ 1 − 0.946 ಪಾಲು, ಅಂದರೆ ಸುಮಾರು 5,400 ರೂಪಾಯಿಯಾಗಿ ಕಾಣುತ್ತದೆ. ಉಳಿದ ರೈತರ ರೆಸಿಡ್ಯುಯಲ್‌ಗಳೂ 6,000ದ ಆಸುಪಾಸಿನಲ್ಲಿದ್ದರೆ ಇವರದು ಅವುಗಳ ನಡುವೆ ಸದ್ದಿಲ್ಲದೆ ಬೆರೆತುಹೋಗುತ್ತದೆ. ಬ್ರೂಷ್–ಪೇಗನ್ ಪರೀಕ್ಷೆ ನೋಡುವುದು ರೆಸಿಡ್ಯುಯಲ್‌ಗಳ ವರ್ಗವನ್ನೇ. ಅದಕ್ಕೆ ಏನೂ ಕಾಣಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ, ಅದು ನೆಮ್ಮದಿಯ ಸಂಗತಿಯೂ ಅಲ್ಲ.

ಸ್ಟಾಟಾದಲ್ಲಿ robust ಎಂದಷ್ಟೇ ಬರೆದರೆ ಸಿಗುವುದು HC1. ಅದೂ ಈ ಕುಗ್ಗಿದ 5,400ನ್ನೇ ವರ್ಗ ಮಾಡಿ ಬಳಸುತ್ತದೆ, ಕೊನೆಗೆ ಇಡೀ ಮೊತ್ತವನ್ನು 36/34ರಿಂದ ಗುಣಿಸುತ್ತದೆ, ಅಷ್ಟೆ. ನಿಮಗೆ 154 ಬಂದದ್ದು ಹೀಗೆ. HC3 ಎಂಬ ಇನ್ನೊಂದು ರೂಪ ಹಾಗಲ್ಲ. ಅದು ಪ್ರತಿ ರೆಸಿಡ್ಯುಯಲ್ಲನ್ನೂ ಮೊದಲು ಆಯಾ ಅವಲೋಕನದ 1 − ಲೆವರೇಜ್‌ನಿಂದ ಭಾಗಿಸಿ ಆಮೇಲೆ ವರ್ಗ ಮಾಡುತ್ತದೆ, ಹಾಗಾಗಿ ಅಡಗಿದ್ದ ಒಂದು ಲಕ್ಷ ಮತ್ತೆ ಹೊರಬರುತ್ತದೆ. ನಾನು ಊಹಿಸಿದ ಅಂಕಿಗಳಲ್ಲಿ HC3 ಪ್ರಕಾರ ನಿಮ್ಮ ಸ್ಟ್ಯಾಂಡರ್ಡ್ ಎರರ್ 2,550ರ ಆಸುಪಾಸು. ಆಗ 2,100 ಎಂಬ ನಿಮ್ಮ ಅಂದಾಜು ಸೊನ್ನೆಗಿಂತ ಬೇರೆ ಎಂದು ಹೇಳುವುದೇ ಕಷ್ಟ. ನಿಮ್ಮದೇ ದತ್ತಾಂಶದಲ್ಲಿ ಇದನ್ನು ಓಡಿಸಿ, ಮೊದಲು ಲೆವರೇಜ್ ನೋಡಿ:

```
regress cost acre
predict h, hat
predict e, residuals
gsort -h
list acre cost e h in 1/3
regress cost acre, vce(hc3)
```

ಬಂದ ಮೊದಲ ಸಾಲನ್ನು ಇಲ್ಲಿ ಹಾಕಿ.

ಎಂ.ಎ. ವಿದ್ಯಾರ್ಥಿನಿ: ಮೇಡಂ, robust ಹಾಕಿದ ಮೇಲೂ ಹೆಟೆರೊಸ್ಕೆಡಾಸ್ಟಿಸಿಟಿ ಪರೀಕ್ಷೆಯಲ್ಲಿ ಪಿ-ಮೌಲ್ಯ 0.00 ಎಂದೇ ತೋರಿಸುತ್ತಿದೆ. ಎಲ್ಲಿ ತಪ್ಪಿದೆ?

ಪ್ರಾಧ್ಯಾಪಕಿ: ಎಲ್ಲಿಯೂ ತಪ್ಪಿಲ್ಲ. robust ಹಾಕಿದರೆ ಅಂದಾಜುಗಳೂ ರೆಸಿಡ್ಯುಯಲ್‌ಗಳೂ ಬದಲಾಗುವುದಿಲ್ಲ, ಸ್ಟ್ಯಾಂಡರ್ಡ್ ಎರರ್ ಮಾತ್ರ ಬದಲಾಗುತ್ತದೆ. ಪರೀಕ್ಷೆಯ ಫಲಿತಾಂಶ ಹಾಗೆಯೇ ಇರಬೇಕು.

ಬ್ಯಾಂಕಿನ ದತ್ತಾಂಶ ವಿಶ್ಲೇಷಕ: ಗೌರವಪೂರ್ವಕವಾಗಿಯೇ ಒಂದು ಆಕ್ಷೇಪ. ದೋಷದ ವೇರಿಯನ್ಸ್ ಹೇಗೇ ಇದ್ದರೂ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಸರಿಯೆಂದು ಹಾಲ್ಬರ್ಟ್ ವೈಟ್ 1980ರಲ್ಲೇ ತೋರಿಸಿದ್ದಾರೆ. 154ರಿಂದ ಒಮ್ಮೆಲೇ 2,550ಕ್ಕೆ ಹಾರುವ ವಿಧಾನವನ್ನು ನಂಬುವುದು ಹೇಗೆ? HC3 ಅತಿಯಾಗಿ ಹಿಗ್ಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಪ್ರಾಧ್ಯಾಪಕಿ: ನಿಮ್ಮ ಮಾತು ಅರ್ಧ ಸರಿ. ವೈಟ್ ಅವರ ಫಲಿತಾಂಶ ದೊಡ್ಡ ಸ್ಯಾಂಪಲ್‌ಗೆ ಸಂಬಂಧಿಸಿದ್ದು. ಅವಲೋಕನಗಳು ಹೆಚ್ಚುತ್ತ ಹೋದಂತೆ ಪ್ರತಿಯೊಂದರ ಲೆವರೇಜ್ ಸೊನ್ನೆಯತ್ತ ಸಾಗಬೇಕು ಎಂಬುದು ಅದರ ಬೆನ್ನಿಗಿದೆ. ಇಲ್ಲಿ ಒಬ್ಬರದೇ 0.946 ಇರುವಾಗ ಆ ಆಸರೆ ಸಿಗುವುದಿಲ್ಲ. ಮ್ಯಾಕಿನನ್ ಮತ್ತು ವೈಟ್ ಅವರೇ 1985ರಲ್ಲಿ ಚಿಕ್ಕ ಸ್ಯಾಂಪಲ್‌ಗೆಂದು ಬೇರೆ ರೂಪಗಳನ್ನು ಪರಿಶೀಲಿಸಿದರು. 250 ಅಥವಾ ಅದಕ್ಕಿಂತ ಕಡಿಮೆ ಅವಲೋಕನಗಳಿದ್ದರೆ HC3 ಬಳಸಿ ಎಂದು ಲಾಂಗ್ ಮತ್ತು ಅರ್ವಿನ್ 2000ದಲ್ಲಿ ಸಲಹೆ ಕೊಟ್ಟರು. ಮೊದಲು ಪರೀಕ್ಷೆ ಮಾಡಿ ಅದು ಹೆಟೆರೊಸ್ಕೆಡಾಸ್ಟಿಸಿಟಿ ತೋರಿಸಿದರಷ್ಟೇ ರೋಬಸ್ಟ್ ಎಂಬ ಪದ್ಧತಿ ಬೇಡ ಎಂದೂ ಹೇಳಿದರು.

2,550 ಆಕಾಶದಿಂದ ಉದುರಿದ್ದೂ ಅಲ್ಲ. ಆ ಒಬ್ಬ ರೈತರನ್ನು ಬಿಟ್ಟು ರೇಖೆ ಎಳೆದರೆ ನನ್ನ ಅಂಕಿಗಳಲ್ಲಿ ಎಕರೆಗೆ 2,100ರ ಬದಲು ಸುಮಾರು 4,650 ಬರುತ್ತದೆ, ಎರಡರ ನಡುವಿನ ಅಂತರ 2,550. ಒಬ್ಬರು ಬಂದು ಹೋದರೆ ಉತ್ತರ ಎಷ್ಟು ಕದಲುತ್ತದೆ ಎಂಬುದನ್ನೇ HC3 ಇಲ್ಲಿ ಹೇಳುತ್ತಿದೆ. ಅದು ಹಿಗ್ಗಿದ ಸಂಖ್ಯೆಯಾಗಿರಬಹುದು ಎಂದು ಒಪ್ಪುತ್ತೇನೆ, ಅದಕ್ಕೆ 34 ಡಿಗ್ರಿ ಆಫ್ ಫ್ರೀಡಂನ ಟಿ-ಕೋಷ್ಟಕ ಸಲ್ಲುತ್ತದೆ ಎಂದೂ ಹೇಳಲಾರೆ. ಆದರೆ 154 ಸುಳ್ಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ವಿಶ್ಲೇಷಕ: ಅಂದರೆ ಎರಡೂ ತಪ್ಪು, ಸರಿಯಾದದ್ದು ಯಾವುದೂ ಇಲ್ಲ ಎಂದಾಯಿತು. ಇದರಿಂದ ಆ ವಿದ್ಯಾರ್ಥಿಗೇನು ಪ್ರಯೋಜನ?

ಸಹಾಯಕ ಪ್ರಾಧ್ಯಾಪಕ, ಪದವಿ ಕಾಲೇಜು: ಇನ್ನೊಂದು ಗುಂಪಿನಲ್ಲಿ ಬಂದದ್ದನ್ನು ಎಲ್ಲರ ಉಪಯೋಗಕ್ಕೆ ಹಂಚಿಕೊಳ್ಳುತ್ತಿದ್ದೇನೆ. "ಬ್ರೂಷ್–ಪೇಗನ್ ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಎಲ್ಲ ಚರಗಳಿಗೂ ಲಾಗ್ ತೆಗೆದುಕೊಳ್ಳಿ. ಆಗಲೂ ಸರಿಯಾಗದಿದ್ದರೆ ಅತಿ ದೊಡ್ಡ ರೆಸಿಡ್ಯುಯಲ್ ಇರುವ ಅವಲೋಕನಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ, 0.05 ದಾಟಿದ ಕೂಡಲೇ ನಿಲ್ಲಿಸಿ."

ಪ್ರಾಧ್ಯಾಪಕಿ: ದಯವಿಟ್ಟು ಇದನ್ನು ಯಾರೂ ಪಾಲಿಸಬೇಡಿ. ಇದೇ ಸಂದೇಶ ಈ ಗುಂಪಿಗೆ ಹಿಂದೆಯೂ ಬಂದಿತ್ತು, ಹಿಂದೆಯೂ ಬೇಡವೆಂದಿದ್ದೆ. ದೊಡ್ಡ ರೆಸಿಡ್ಯುಯಲ್‌ಗಳನ್ನು ಕಿತ್ತುಹಾಕಿದ ಮೇಲೆ ಉಳಿದವು ಚಿಕ್ಕವಾಗಿ ಕಾಣುವುದು ಖಚಿತ, ಆದ್ದರಿಂದ ಆಮೇಲೆ ಬರುವ ಪಿ-ಮೌಲ್ಯಕ್ಕೂ ಸ್ಟ್ಯಾಂಡರ್ಡ್ ಎರರ್‌ಗೂ ಬೆಲೆಯಿಲ್ಲ. ಮೇಲಿನ ಪ್ರಶ್ನೆಯನ್ನೇ ನೋಡಿ. ಅಲ್ಲಿ ಪಿ-ಮೌಲ್ಯ ಕಡಿಮೆ ಬಂದು ಈ ಪಟ್ಟಿಯಂತೆ ನಡೆದಿದ್ದರೆ, ತೊಂದರೆ ಕೊಡುತ್ತಿರುವ ರೈತರ ರೆಸಿಡ್ಯುಯಲ್ ಸಾಧಾರಣವಾಗಿರುವುದರಿಂದ ಅವರು ಉಳಿಯುತ್ತಿದ್ದರು, ಏನೂ ತಪ್ಪು ಮಾಡದ 6 ಎಕರೆಯವರು ಹೊರಬೀಳುತ್ತಿದ್ದರು.

ಸಹಾಯಕ ಪ್ರಾಧ್ಯಾಪಕ: ಹಂಚಿಕೊಂಡದ್ದಷ್ಟೆ, ನಾನು ಬರೆದದ್ದಲ್ಲ ಮೇಡಂ. ಲಾಗ್ ತೆಗೆಯುವುದನ್ನು ಪಠ್ಯಪುಸ್ತಕಗಳೂ ಹೇಳುತ್ತವಲ್ಲ?

ಪ್ರಾಧ್ಯಾಪಕಿ: ಹೇಳುತ್ತವೆ. ಇಲ್ಲಿ ಎಕರೆಗೆ ಲಾಗ್ ತೆಗೆದರೆ ಆ ರೈತರ ಲೆವರೇಜ್ ಸುಮಾರು 0.45ಕ್ಕೆ ಇಳಿಯಬಹುದು. ಆದರೆ ವೆಚ್ಚಕ್ಕೂ ಲಾಗ್ ತೆಗೆದರೆ ಎಕರೆಗೆ ಎಷ್ಟು ರೂಪಾಯಿ ಎಂಬ ಪ್ರಶ್ನೆ ಹೋಗಿ, ಜಮೀನು ಶೇ. 1ರಷ್ಟು ಹೆಚ್ಚಾದರೆ ವೆಚ್ಚ ಶೇಕಡಾ ಎಷ್ಟು ಹೆಚ್ಚುತ್ತದೆ ಎಂಬ ಪ್ರಶ್ನೆ ಬರುತ್ತದೆ. ಕೇಳಬೇಕಾದ ಪ್ರಶ್ನೆ ಅದೇ ಆಗಿದ್ದರೆ ತೆಗೆಯಿರಿ. ಪಿ-ಮೌಲ್ಯಕ್ಕಾಗಿ ತೆಗೆಯಬೇಡಿ.

ಆರೋಗ್ಯ ಸಮೀಕ್ಷೆ ಸಂಶೋಧಕಿ: ನನ್ನದು ಲಾಜಿಟ್ ಮಾದರಿ. ನಾನೂ robust ಹಾಕಿದ್ದೇನೆ, ಹಾಗಾದರೆ ಹೆಟೆರೊಸ್ಕೆಡಾಸ್ಟಿಸಿಟಿಯ ಚಿಂತೆ ಇಲ್ಲ ತಾನೇ?

ಪ್ರಾಧ್ಯಾಪಕಿ: ಇದೆ. ಲಾಜಿಟ್‌ನಲ್ಲಿ ಅದು ಅಂದಾಜುಗಳನ್ನೇ ಕೆಡಿಸುತ್ತದೆ. ತಪ್ಪಾದ ಅಂದಾಜಿಗೆ ಸರಿಯಾದ ಸ್ಟ್ಯಾಂಡರ್ಡ್ ಎರರ್ ಕೊಟ್ಟು ಫಲವಿಲ್ಲ.

ಯೋಜನಾ ಸಹಾಯಕ: ಒಂಬತ್ತು ಜಿಲ್ಲೆಗಳ ಹತ್ತು ವರ್ಷದ ದತ್ತಾಂಶವಿದೆ. ಜಿಲ್ಲಾವಾರು ಕ್ಲಸ್ಟರ್ ಮಾಡಿದರೆ ಸಾಕೇ?

ಎಂ.ಎ. ವಿದ್ಯಾರ್ಥಿ: ಒಂದೇ ದತ್ತಾಂಶಕ್ಕೆ ಸ್ಟಾಟಾ ಮತ್ತು ಆರ್ ಬೇರೆಬೇರೆ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಕೊಡುತ್ತಿವೆ. ಯಾವುದು ಸರಿ?

ಪ್ರಾಧ್ಯಾಪಕಿ: ಸ್ಟಾಟಾದ robust ಎಂದರೆ HC1. ಆರ್‌ನ vcovHC ಏನೂ ಹೇಳದಿದ್ದರೆ HC3. type = "HC1" ಎಂದು ಕೊಟ್ಟು ನೋಡಿ, ಒಂದೇ ಬರುತ್ತದೆ.

ನಿವೃತ್ತ ಕೃಷಿ ಅಧಿಕಾರಿ: ರಾಗಿ ಬೆಳೆಯುವ ಆ ಊರುಗಳಲ್ಲಿ 40 ಎಕರೆ ಎಂದರೆ ನನಗೆ ಅನುಮಾನ. ನಲವತ್ತು ಗುಂಟೆಗೆ ಒಂದು ಎಕರೆ. ಪ್ರಶ್ನಾವಳಿ ತುಂಬಿದವರು ಗುಂಟೆಯನ್ನು ಎಕರೆಯ ಕಾಲಂನಲ್ಲಿ ಬರೆದಿರಬಹುದು. ಇಂಥ ತಪ್ಪನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಹಾಯಕ ಪ್ರಾಧ್ಯಾಪಕ: ನೋಡಿದಿರಾ! ಹಾಗಿದ್ದರೆ ಆ ಅವಲೋಕನವನ್ನು ತೆಗೆದುಹಾಕಿದರೆ ಮುಗಿಯಿತು. ಇಷ್ಟೆಲ್ಲ ಚರ್ಚೆ ಯಾಕೆ ಬೇಕಿತ್ತು?

ವಿಶ್ಲೇಷಕ: ಅನುಮಾನದ ಮೇಲೆ ದತ್ತಾಂಶ ಅಳಿಸುವುದನ್ನು ನಮ್ಮಲ್ಲಿ ಆಡಿಟ್‌ನವರು ಒಪ್ಪುವುದಿಲ್ಲ. ತಾವು ವಿದ್ಯಾರ್ಥಿಗಳಿಗೆ ಇದನ್ನೇ ಕಲಿಸುತ್ತೀರಾ?

ಸಹಾಯಕ ಪ್ರಾಧ್ಯಾಪಕ: ವೈಯಕ್ತಿಕ ಟೀಕೆ ಬೇಡ. ಬ್ಯಾಂಕಿನ ಲಕ್ಷಗಟ್ಟಲೆ ಖಾತೆಗಳೊಡನೆ ಕೆಲಸ ಮಾಡುವವರಿಗೆ 36 ಕುಟುಂಬಗಳ ಕಷ್ಟ ಅರ್ಥವಾಗುವುದಿಲ್ಲ.

ಸಂಶೋಧನಾರ್ಥಿ: ಮೇಡಂ, ಓಡಿಸಿದೆ. ಮೊದಲ ಸಾಲು: 40 ಎಕರೆ, ವೆಚ್ಚ 88,000, ರೆಸಿಡ್ಯುಯಲ್ −5,430, ಲೆವರೇಜ್ 0.9457. HC3 ಪ್ರಕಾರ ಸ್ಟ್ಯಾಂಡರ್ಡ್ ಎರರ್ 2,553.

ಪ್ರಾಧ್ಯಾಪಕಿ: ಇಬ್ಬರೂ ವಾದವನ್ನು ಬೇರೆಡೆ ಮುಂದುವರಿಸಿ. ಗುಂಟೆಯ ಸಾಧ್ಯತೆಯನ್ನು ಎತ್ತಿದ್ದು ಒಳ್ಳೆಯದಾಯಿತು, ಆದರೆ ವೆಚ್ಚ 88,000 ಇರುವುದರಿಂದ ಅದು ಹೊಂದುವುದಿಲ್ಲ. ಒಂದು ಎಕರೆ ರಾಗಿಗೆ ಅಷ್ಟು ಕೂಲಿಯನ್ನು ಯಾರೂ ಕೊಡುವುದಿಲ್ಲ. ಅವರು ಯಂತ್ರಗಳನ್ನು ಬಳಸುತ್ತಿದ್ದಾರೆಯೇ, ಅಥವಾ 40 ಎಕರೆಯಲ್ಲೂ ರಾಗಿ ಇಲ್ಲವೇ? ಪ್ರಶ್ನಾವಳಿ ತೆಗೆದು ನೋಡಿ.

ಸಂಶೋಧನಾರ್ಥಿ: ನೋಡಿದೆ ಮೇಡಂ. 40 ಎಂಬುದು ಒಟ್ಟು ಹಿಡುವಳಿ. ಅದರಲ್ಲಿ ತೆಂಗಿನ ತೋಟವೂ ಸೇರಿದೆ. ರಾಗಿ ಎಷ್ಟು ಎಕರೆ ಎಂದು ಬೇರೆಯಾಗಿ ಬರೆದುಕೊಂಡಿಲ್ಲ. ಕೂಲಿ ವೆಚ್ಚ ಮಾತ್ರ ರಾಗಿಯದ್ದೇ.

ಪ್ರಾಧ್ಯಾಪಕಿ: ಹಾಗಿದ್ದರೆ ಇದು ಸ್ಟ್ಯಾಂಡರ್ಡ್ ಎರರ್‌ನ ಸಮಸ್ಯೆಯೇ ಅಲ್ಲ. ಅವರ ರಾಗಿ 19 ಎಕರೆಯಷ್ಟಿದ್ದರೆ ಅವರ ವೆಚ್ಚ ಉಳಿದವರ ರೇಖೆಯ ಮೇಲೆಯೇ ಬಂದು ಕೂರಬಹುದು. ಅಷ್ಟೇ ಇದೆ ಎಂದು ನಾನು ಹೇಳುತ್ತಿಲ್ಲ, ಕೇಳಿ ತಿಳಿಯಬೇಕು. ಅವರೊಬ್ಬರನ್ನೇ ಕೇಳಿ ತಿದ್ದಿದರೆ ಸಾಲದು, ಉಳಿದ ಮೂವತ್ತೈದು ಕುಟುಂಬಗಳಲ್ಲೂ ತೋಟ, ಬೀಳುಭೂಮಿ ಸೇರಿಕೊಂಡಿರಬಹುದು. ಎಲ್ಲರಿಗೂ ಫೋನ್ ಮಾಡಿ ರಾಗಿಯ ಎಕರೆ ಬರೆದುಕೊಳ್ಳಿ.

ವಿಶ್ಲೇಷಕ: ಒಬ್ಬಿಬ್ಬರು ಫೋನ್ ಎತ್ತದಿದ್ದರೆ?

ಯೋಜನಾ ಸಹಾಯಕ: ಮೇಡಂ, ಒಂಬತ್ತು ಜಿಲ್ಲೆಗಳ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ.

ಸಂಶೋಧನಾರ್ಥಿ: ಅಧ್ಯಾಯ ಒಪ್ಪಿಸಲು ಸಮಯ ಕಡಿಮೆ ಇದೆ ಮೇಡಂ. ಸದ್ಯಕ್ಕೆ HC3 ಫಲಿತಾಂಶ ಹಾಕಿ ಕೊಡಬಹುದೇ?

ಪ್ರಾಧ್ಯಾಪಕಿ: ಆ 40 ಎಕರೆಯ ರೈತರನ್ನು ಸೇರಿಸಿ ಒಂದು ಸಾಲು, ಬಿಟ್ಟು ಒಂದು ಸಾಲು, ಎರಡಕ್ಕೂ HC3 ಹಾಕಿ ಕೋಷ್ಟಕ ಕೊಡಿ. ಕೆಳಗೆ ಅವರ ಲೆವರೇಜ್ 0.946 ಎಂದೂ, ಎಕರೆ ಎಂಬುದು ಒಟ್ಟು ಹಿಡುವಳಿಯೇ ಹೊರತು ರಾಗಿಯ ವಿಸ್ತೀರ್ಣವಲ್ಲ ಎಂದೂ ಬರೆಯಿರಿ. 154 ಎಲ್ಲಿಯೂ ಕಾಣಿಸಬಾರದು.