ಎಲಿಫೆಂಟಾದಲ್ಲಿ ಕನ್ನಡ ಗೈಡ್: ಒಂದು ಸರದಿಗೆ ಎಷ್ಟು ಜನ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ): ನಮ್ಮ ಕನ್ನಡ ಸಂಘದಿಂದ ನವೆಂಬರ್‌ನಲ್ಲಿ 46 ಜನ ಎಲಿಫೆಂಟಾ ಗುಹೆಗಳಿಗೆ ಹೊರಟಿದ್ದೇವೆ. 22 ಮಂದಿ ಹಿರಿಯರು, 10 ಮಕ್ಕಳು, ಉಳಿದ 14 ಮಂದಿ ಮಧ್ಯವಯಸ್ಸಿನವರು. ಕನ್ನಡ ಬಲ್ಲ ಗೈಡ್ ಒಬ್ಬರು ಸಿಕ್ಕಿದ್ದಾರೆ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಒಂದೇ ಸಲ ವಿವರಿಸಿದರೆ ಸಾಕಲ್ಲವೇ? ಸಣ್ಣ ಸ್ಪೀಕರ್ ಒಂದನ್ನು ತರುತ್ತೇವೆ. ಮಕ್ಕಳಿಗೆ ಮನೆಮಾತಿನ ಕನ್ನಡ ಬರುತ್ತದೆ, ಪುರಾಣದ ಕನ್ನಡ ತಿಳಿಯುವುದಿಲ್ಲ. ಅವರಿಗಾಗಿ ಗೈಡ್ ನಡುನಡುವೆ ಹಿಂದಿಯಲ್ಲಿಯೂ ಹೇಳಲಿ ಎಂದುಕೊಂಡಿದ್ದೇವೆ.

ಥಾಣೆಯ ಸದಸ್ಯರು: ಒಬ್ಬ ಗೈಡ್‌ಗೆ 40 ಜನ ಎಂಬ ಸರಕಾರಿ ನಿಯಮವೇ ಇದೆ ಮೇಡಂ. ನೀವು ಆರು ಜನರನ್ನು ಬಿಡಿ, ಇಲ್ಲವೇ ಗೈಡ್‌ಗೆ ಸ್ವಲ್ಪ ಹೆಚ್ಚು ಕೊಟ್ಟು ಒಪ್ಪಿಸಿ.

ವಾಶಿಯ ಸದಸ್ಯರು: 46 ಜನ ಒಂದೇ ಲಾಂಚಿನಲ್ಲಿ ಹಿಡಿಸುತ್ತಾರೆ, ಚಿಂತೆ ಬೇಡ. ಗೇಟ್‌ವೇಯಲ್ಲಿ ಮೊದಲೇ ಹೋಗಿ ಟಿಕೆಟ್ ತೆಗೆದುಕೊಂಡರೆ ಆಯಿತು.

ಉತ್ತರ (ಪರವಾನಗಿ ಪಡೆದ ಪ್ರವಾಸಿ ಗೈಡ್, ಮುಂಬೈ): ವಾಶಿಯವರೇ, ಅಕ್ಕ ಕೇಳಿದ್ದು ಲಾಂಚಿನ ವಿಚಾರವಲ್ಲ. ಆದರೂ ಲಾಂಚಿನಿಂದಲೇ ಈ ಲೆಕ್ಕ ಬಿಡಿಸಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 40ರ ಮಾತು. ಥಾಣೆಯವರು ಸಂಖ್ಯೆಯನ್ನು ಸರಿಯಾಗಿ ಕೇಳಿದ್ದಾರೆ, ಅದು ಏತಕ್ಕೆ ಇದೆ ಎಂಬುದನ್ನು ತಪ್ಪಾಗಿ ತಿಳಿದಿದ್ದಾರೆ. ಪ್ರವಾಸೋದ್ಯಮ ಸಚಿವಾಲಯದ ಗೈಡ್‌ಗಳಿಗೆ ದರ ನಿಗದಿ ಮಾಡುವಾಗ ತಂಡವನ್ನು 1ರಿಂದ 5, 6ರಿಂದ 14, 15ರಿಂದ 40 ಎಂದು ವಿಂಗಡಿಸುವ ವಾಡಿಕೆ ಇದೆ. ಇದು ಸಂಭಾವನೆಯ ಮೆಟ್ಟಿಲು. 40 ಜನರಿಗೂ ಗುಹೆಯೊಳಗೆ ಮಾತು ಕೇಳಿಸುತ್ತದೆ ಎಂಬ ಭರವಸೆಯನ್ನು ಅದರಲ್ಲಿ ಯಾರೂ ಕೊಟ್ಟಿಲ್ಲ. ಬಸ್ಸಿನಲ್ಲಿ ಕೂತವರಿಗೆ ನಗರ ತೋರಿಸುವಾಗ 40 ಸರಿಹೋಗಬಹುದು. ಎಲಿಫೆಂಟಾದ ಒಂದನೇ ಗುಹೆಯಲ್ಲಿ ನಾನು 15ಕ್ಕೆ ನಿಲ್ಲಿಸುತ್ತೇನೆ.

ಕಾರಣ ಆ ಗುಹೆಯಲ್ಲೇ ಇದೆ. ಹೆಚ್ಚುಕಡಿಮೆ 40 ಮೀಟರ್ ಉದ್ದದ ಕಂಬಗಳ ಸಭಾಂಗಣ, ಸುತ್ತ ಗೋಡೆಗಳಲ್ಲಿ ಆಳೆತ್ತರಕ್ಕೂ ಮೀರಿದ ಶಿಲ್ಪಗಳು. ಸದಾಶಿವನ ಮುಂದೆ ಜಾಗ ಧಾರಾಳವಾಗಿದೆ, ಅಲ್ಲಿ 40 ಜನ ನಿಂತರೂ ಎಲ್ಲರಿಗೂ ಕಾಣುತ್ತದೆ. ತೊಡಕು ಅದರ ಎಡಬಲದ ಅರ್ಧನಾರೀಶ್ವರ, ಗಂಗಾಧರ ಶಿಲ್ಪಗಳ ಹತ್ತಿರ ಶುರುವಾಗುತ್ತದೆ. ಹಿಂದಿನ ಸಾಲಿನವರ ಮುಂದೆ ಕಂಬ ಬರುತ್ತದೆ. ಗಂಗೆ ಇಳಿಯುವುದು ಶಿವನ ತಲೆಯ ಮೇಲೆ, ಪಾರ್ವತಿ ನಿಂತಿರುವುದು ಪಕ್ಕದಲ್ಲಿ. ಇವೆರಡನ್ನೂ ಒಟ್ಟಿಗೆ ನೋಡದವರಿಗೆ ಅವಳು ಏಕೆ ಮೈ ತಿರುಗಿಸಿಕೊಂಡು ನಿಂತಿದ್ದಾಳೆ ಎಂದು ಹೇಳಿ ಪ್ರಯೋಜನವಿಲ್ಲ. ಲಿಂಗದ ಗರ್ಭಗೃಹವಂತೂ ಇನ್ನೂ ಇಕ್ಕಟ್ಟು. ನಾಲ್ಕು ಕಡೆಯೂ ಬಾಗಿಲುಗಳಿರುವುದರಿಂದ ದೊಡ್ಡ ತಂಡ ಅಲ್ಲಿ ನಾಲ್ಕು ದಿಕ್ಕಿಗೆ ಚೆದುರುತ್ತದೆ, ಮತ್ತೆ ಒಟ್ಟುಗೂಡಿಸುವಷ್ಟರಲ್ಲಿ ಹತ್ತು ನಿಮಿಷ ಹೋಗುತ್ತದೆ. ಒಂದು ಸ್ಥಳಕ್ಕೆ ಎಷ್ಟು ಜನ ಸರಿ ಎಂದು ತಿಳಿಯಬೇಕಾದರೆ ಅಲ್ಲಿನ ಅತಿ ಇಕ್ಕಟ್ಟಾದ ಜಾಗದಲ್ಲಿ ನಿಂತು ಎಣಿಸಿ. ವಿಶಾಲವಾದ ಜಾಗ ನೋಡಿ ಎಣಿಸಿದರೆ ಲೆಕ್ಕ ಕೆಡುತ್ತದೆ.

ಸ್ಪೀಕರನ್ನು ದಯವಿಟ್ಟು ಮನೆಯಲ್ಲಿ ಬಿಡಿ. ಕಲ್ಲಿನ ಗೋಡೆಗೆ ಬಡಿದ ದನಿ ಒಂದರ ಮೇಲೊಂದು ಬಿದ್ದು, ಜೋರಾದಷ್ಟೂ ಮಾತು ಕಲಸಿಹೋಗುತ್ತದೆ. ಹಿರಿಯರಿಗೆ ಸದ್ದು ಕೇಳಿಸುತ್ತದೆ, ಪದ ಕೇಳಿಸುವುದಿಲ್ಲ. ಪಕ್ಕದಲ್ಲಿ ಇನ್ನೊಂದು ತಂಡ ಇದ್ದರೆ ಅವರದ್ದೂ ಹಾಳಾಗುತ್ತದೆ, ಜಗಳವೂ ಆಗುತ್ತದೆ. ಹದಿನೈದು ಜನರಿಗಾದರೆ ಗೈಡ್ ಶಿಲ್ಪಕ್ಕೆ ಬೆನ್ನು ಹಾಕಿ, ಒಂದು ಪಕ್ಕಕ್ಕೆ ಸರಿದು, ಸಾಮಾನ್ಯ ದನಿಯಲ್ಲಿ ಹೇಳಿದರೂ ಸಾಕು.

ಇನ್ನು ಭಾಷೆ. ಒಂದೇ ಸರದಿಯಲ್ಲಿ ಕನ್ನಡ ಒಮ್ಮೆ, ಹಿಂದಿ ಒಮ್ಮೆ ಎಂಬ ಏರ್ಪಾಡು ಕೇಳಲು ಚೆನ್ನಾಗಿರುತ್ತದೆ. ಒಂದು ಶಿಲ್ಪಕ್ಕೆ ನಾನು ಎಂಟು ನಿಮಿಷ ಇಟ್ಟುಕೊಳ್ಳುತ್ತೇನೆ, ಗಂಟೆಯೊಂದರಲ್ಲಿ ಆರು ಶಿಲ್ಪ ನೆಮ್ಮದಿಯಾಗಿ ಆಗುತ್ತವೆ. ಎರಡು ಭಾಷೆಯಲ್ಲಿ ಹೇಳಿದರೆ ಆರು ಮೂರಾಗುತ್ತದೆ. ಅದೂ ಹೋಗಲಿ, ಹಿಂದಿ ನಡೆಯುವಾಗ ಅಜ್ಜಂದಿರು ತಮ್ಮತಮ್ಮಲ್ಲಿ ಮಾತಿಗೆ ಇಳಿಯುತ್ತಾರೆ, ಕನ್ನಡ ನಡೆಯುವಾಗ ಮಕ್ಕಳು ಕಂಬಗಳ ನಡುವೆ ಓಟ ಕೀಳುತ್ತಾರೆ. ಹತ್ತನೇ ನಿಮಿಷಕ್ಕೆ ತಂಡ ತಾನಾಗಿಯೇ ಎರಡಾಗಿರುತ್ತದೆ. ಹಾಗಾಗಿ ಮೊದಲೇ ಎರಡು ಮಾಡಿ. ಆದರೆ ವಯಸ್ಸಿನ ಪ್ರಕಾರ ನೀವೇ ಹಂಚಬೇಡಿ, ಯಾರಿಗೆ ಯಾವ ಭಾಷೆ ಬೇಕೆಂದು ಹೆಸರು ಬರೆಸುವಾಗಲೇ ಕೇಳಿ.

ನಿಮ್ಮ 46ನ್ನು ಹೀಗೆ ಹಂಚಬಹುದು. 22 ಹಿರಿಯರು ಮತ್ತು ಕನ್ನಡ ಬೇಕೆನ್ನುವ 8 ಮಂದಿ ಸೇರಿ 30 ಎಂದುಕೊಳ್ಳಿ, ಅವರಿಗೆ 15ರ ಎರಡು ಬ್ಯಾಚ್. 10 ಮಕ್ಕಳು ಮತ್ತು ಅವರೊಡನೆ ಇರುವ 6 ಮಂದಿ, ಒಟ್ಟು 16, ಹಿಂದಿ ಅಥವಾ ಇಂಗ್ಲಿಷ್ ಗೈಡ್ ಜೊತೆ. ಹದಿನಾರನೆಯವರನ್ನು ಹೊರಗಿಡುವಷ್ಟು ಕಠಿಣ ನಾನಲ್ಲ.

ಈಗ ಲಾಂಚ್. ಎಲಿಫೆಂಟಾಕ್ಕೆ ನಿಮ್ಮ ಸರದಿಯನ್ನು ಬೇರೆ ಯಾರೂ ಹಂಚಿಕೊಡುವುದಿಲ್ಲ, ಗೇಟ್‌ವೇಯಿಂದ ಬಿಡುವ ಲಾಂಚೇ ಹಂಚುತ್ತದೆ. ಸುಮಾರು ಒಂಬತ್ತಕ್ಕೆ ಮೊದಲನೆಯದು, ಆಮೇಲೆ ಅರ್ಧ ಗಂಟೆಗೊಂದರಂತೆ, ದಾರಿ ಒಂದು ಗಂಟೆ. ಎಲ್ಲರೂ ಒಂದೇ ಲಾಂಚಿನಲ್ಲಿ ಹೋದರೆ ಎಲ್ಲರೂ ಒಟ್ಟಿಗೇ ಗುಹೆಯ ಬಾಗಿಲಿಗೆ ಬಂದು ನಿಲ್ಲುತ್ತೀರಿ. ಮೊದಲ ಕನ್ನಡ ಬ್ಯಾಚ್ ಗೈಡ್ ಜೊತೆ ಮೊದಲ ಲಾಂಚಿನಲ್ಲಿ ಹೋಗಲಿ. ಮಕ್ಕಳು ತಮ್ಮ ಗೈಡ್ ಜೊತೆ ಎರಡನೆಯದರಲ್ಲಿ, ಎರಡನೇ ಕನ್ನಡ ಬ್ಯಾಚ್ ಅದರ ನಂತರದ್ದರಲ್ಲಿ. ಆದರೆ ರಜಾದಿನ ಲಾಂಚುಗಳು ಜನ ತುಂಬಿದ ಮೇಲೆಯೇ ಹೊರಡುವುದೂ ಉಂಟು. ಅರ್ಧ ಗಂಟೆಯ ಅಂತರ ಹದಿನೈದು ನಿಮಿಷವಾಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು.

ಜೆಟ್ಟಿಯಲ್ಲಿ ಇಳಿದ ಮೇಲೆ ಪುಟಾಣಿ ರೈಲು ಹತ್ತಿ, ಸುಮಾರು 120 ಮೆಟ್ಟಿಲು ಏರಬೇಕು. ಹಿರಿಯರಿಗೆ ಇಷ್ಟಕ್ಕೇ ಮುಕ್ಕಾಲು ಗಂಟೆ ಇಡಿ, ಹತ್ತಲಾಗದವರಿಗೆ ಡೋಲಿ ಸಿಗುತ್ತದೆ. ಅಂದರೆ ಮೊದಲ ಕನ್ನಡ ಸರದಿ 11ರಿಂದ 12. ಮಕ್ಕಳು ಬೇಗ ಹತ್ತುತ್ತಾರೆ, 11.15ಕ್ಕೆ ಒಳಗಿರುತ್ತಾರೆ. ಎರಡು ತಂಡ ಒಂದೇ ಶಿಲ್ಪದ ಮುಂದೆ ಸಿಕ್ಕಿಕೊಳ್ಳದಿರಲು ಕನ್ನಡದವರು ಪೂರ್ವದ ಕಡೆಯಿಂದ, ಕೈಲಾಸ ಎತ್ತುವ ರಾವಣನಿಂದ ಶುರುಮಾಡಲಿ. ಮಕ್ಕಳು ಪಶ್ಚಿಮದಿಂದ, ಅಂಧಕಾಸುರ ವಧೆಯಿಂದ. ಮಕ್ಕಳಿಗೆ ಮೊದಲು ಯುದ್ಧವೇ ಇರಲಿ, ಕಲ್ಯಾಣಸುಂದರ ಆಮೇಲೆ ನೋಡಿಕೊಂಡರಾಯಿತು. ಎರಡನೇ ಕನ್ನಡ ಬ್ಯಾಚ್‌ಗೆ 12.15ರಿಂದ 1.15. ಅವರಿಗೆ ಕಾಯುವ ಹೊತ್ತು ಬಂದರೆ ಅದೇ ಗುಡ್ಡದ ಮೇಲಿನ ಉಳಿದ ಗುಹೆಗಳನ್ನು ನೋಡಬಹುದು. ತಿಂಡಿಯ ಚೀಲ ಮಾತ್ರ ಕೈಯಲ್ಲಿ ಹಿಡಿದು ತಿರುಗಬೇಡಿ, ಅಲ್ಲಿನ ಕೋತಿಗಳಿಗೆ ಸರದಿಯ ನಿಯಮ ಅನ್ವಯಿಸುವುದಿಲ್ಲ.

ಕನ್ನಡ ಗೈಡ್ ಎರಡು ಸಲ ವಿವರಿಸಿ, ಹೋಗಿಬರುವ ಎರಡು ಗಂಟೆಯೂ ಸೇರಿದರೆ ನಾಲ್ಕು ಗಂಟೆ ಮೀರುತ್ತದೆ. ಅವರನ್ನು ಪೂರ್ತಿ ದಿನಕ್ಕೇ ಗೊತ್ತುಮಾಡಿ. ಅರ್ಧ ದಿನವೆಂದು ಕರೆದು ದ್ವೀಪದಲ್ಲಿ ಚೌಕಾಸಿ ಮಾಡುವುದು ಇಬ್ಬರಿಗೂ ಚೆನ್ನಲ್ಲ. ದುಡ್ಡು ಪಡೆದು ಸ್ಮಾರಕ ತೋರಿಸಲು ಪುರಾತತ್ವ ಇಲಾಖೆಯ ನಿಯಮದಂತೆ ಪರವಾನಗಿ ಬೇಕು, ಅವರ ಗುರುತಿನ ಚೀಟಿ ನೋಡಿಕೊಳ್ಳಿ. ಅವರ ಕನ್ನಡ ಹೇಗಿದೆ ಎಂದು ಫೋನಿನಲ್ಲೇ ತಿಳಿಯಬಹುದು. ಗಂಗಾಧರನ ಬಗ್ಗೆ ಎರಡು ನಿಮಿಷ ಹೇಳಿ ಎನ್ನಿ. ಕುಶಲ ವಿಚಾರಿಸುವಷ್ಟು ಕನ್ನಡ ಮುಂಬೈಯಲ್ಲಿ ಬಹಳ ಜನರಿಗೆ ಬರುತ್ತದೆ, ಕತೆ ಹೇಳುವಾಗ ಎರಡನೇ ವಾಕ್ಯಕ್ಕೇ ಹಿಂದಿಗೆ ಹೊರಳುತ್ತಾರೆ.

ಪುಣೆಯ ಸದಸ್ಯರು: ನಮ್ಮ ಕಚೇರಿಯ ಗುಂಪು ಇಲ್ಲಿ ಒಂದು ಹಳೆಯ ವಾಡೆ ನೋಡಲು ಹೋಗಿತ್ತು. ಇಪ್ಪತ್ತು ಜನರ ಮಿತಿ ಎಂದು ಮೊದಲೇ ಹೇಳಿದ್ದರು, ಹೋದದ್ದು ಇಪ್ಪತ್ತಾರು. ಮಿಕ್ಕವರನ್ನು ಹೊರಗೇ ನಿಲ್ಲಿಸಿದರು, ಅದರಲ್ಲಿ ನಾನೂ ಒಬ್ಬ. ಒಳಗಿನ ಮಾಡಿಯ ಮರದ ತೊಲೆಗಳು ತೂಕ ತಡೆಯುವುದಿಲ್ಲವಂತೆ. ಎಲಿಫೆಂಟಾ ಕಲ್ಲಿನದು, ಅಲ್ಲಿ ಇಷ್ಟು ಬಿಗಿ ಏಕೆ?

ಗೈಡ್: ನೀವು ಹೇಳಿದ್ದು ಬೇರೆ ಬಗೆಯ ಮಿತಿ ಸರ್. ಅಲ್ಲಿ ಕಟ್ಟಡದ ತಾಳಿಕೆ, ಇಲ್ಲಿ ಕಣ್ಣು ಕಿವಿ. ನನ್ನ 15 ಯಾರೂ ತಡೆಯುವ ಮಿತಿಯಲ್ಲ. 46 ಜನ ಒಟ್ಟಿಗೆ ನುಗ್ಗಿದರೂ ಟಿಕೆಟ್ ಇದ್ದರೆ ಒಳಗೆ ಬಿಡುತ್ತಾರೆ. ಮೂವತ್ತು ಜನಕ್ಕೆ ಏನೂ ಕೇಳಿಸದೆ ಹೊರಗೆ ಬರುತ್ತಾರೆ, ಅಷ್ಟೇ.

ಥಾಣೆಯ ಸದಸ್ಯರು: ಕನ್ನಡದಲ್ಲೇ ವಿವರಿಸುವುದಾದರೆ ಈ ಗುಹೆಗಳನ್ನು ನಮ್ಮ ಇಮ್ಮಡಿ ಪುಲಕೇಶಿ ಕೆತ್ತಿಸಿದ್ದು ಎಂದು ತಪ್ಪದೆ ಹೇಳಿಸಿ.

ಗೈಡ್: ಹೇಳಲಾರೆ ಸರ್. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಪುಲಕೇಶಿ ನಾವೆಗಳೊಂದಿಗೆ ಪುರಿಯನ್ನು ಮುತ್ತಿದನೆಂದು ಬರೆದಿದ್ದಾನೆ. ಆ ಪುರಿಯೇ ಈ ಘಾರಾಪುರಿ, ಅಂದರೆ ಎಲಿಫೆಂಟಾ, ಎಂದು ಕೆಲವರು, ಅಲ್ಲವೆಂದು ಕೆಲವರು. ಆದರೆ ಅದು ಮುತ್ತಿಗೆಯ ಮಾತು, ಕೆತ್ತಿಸಿದ ಮಾತಲ್ಲ. ದ್ವೀಪದಲ್ಲಿ ಕಲಚುರಿ ಕೃಷ್ಣರಾಜನ ನಾಣ್ಯಗಳು ಸಿಕ್ಕಿರುವುದರಿಂದ ಆರನೇ ಶತಮಾನದ ಕಲಚುರಿಗಳ ಕಾಲದ್ದೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಬಾದಾಮಿಯ ನಟರಾಜನನ್ನು ನೋಡಿದವರು ತಂಡದಲ್ಲಿದ್ದರೆ ಇಲ್ಲಿಯ ನಟರಾಜನ ಮುಂದೆ ಹೋಲಿಸಿ ಹೇಳುತ್ತೇನೆ, ಹೆಮ್ಮೆಗೆ ಅದು ಸಾಕು.

ಡೊಂಬಿವಲಿಯ ಸದಸ್ಯೆ: ಮೂರು ಬ್ಯಾಚ್ ಒಪ್ಪಿಗೆ. ಎರಡು ಪ್ರಶ್ನೆ ಉಳಿದಿವೆ. ಮಕ್ಕಳಿಗೆ ಸೋಮವಾರ ರಜೆ ಇದೆ, ಭಾನುವಾರದ ಗದ್ದಲ ತಪ್ಪಿಸಿ ಅಂದೇ ಹೋಗಬಹುದೇ? ನಮ್ಮ ಸಂಘದ ನಿವೃತ್ತ ಮೇಷ್ಟ್ರು ಪುರಾಣ ಚೆನ್ನಾಗಿ ಹೇಳುತ್ತಾರೆ. ಎರಡನೇ ಕನ್ನಡ ಬ್ಯಾಚ್‌ಗೆ ಅವರೇ ವಿವರಿಸಿದರೆ? ಶಾಲು ಹೊದಿಸಿ ಸಣ್ಣ ಗೌರವಧನ ಕೊಡುವ ಆಲೋಚನೆ ಇದೆ.

ಗೈಡ್: ಸೋಮವಾರ ಗುಹೆ ಮುಚ್ಚಿರುತ್ತದೆ ಅಕ್ಕ. ಶನಿವಾರ ನೋಡಿ, ಭಾನುವಾರಕ್ಕಿಂತ ಸ್ವಲ್ಪ ಮೇಲು. ಭಾರತೀಯರಿಗೆ ಟಿಕೆಟ್ 40 ರೂಪಾಯಿ, 15 ವರ್ಷದ ಒಳಗಿನ ಮಕ್ಕಳಿಗೆ ಬೇಡ.

ಮೇಷ್ಟ್ರು ತಮ್ಮವರಿಗೆ ಸುಮ್ಮನೆ ಕತೆ ಹೇಳಿದರೆ ತೊಂದರೆ ಇಲ್ಲ. ಗೌರವಧನ ಎಂದ ಕೂಡಲೇ ದುಡ್ಡಿಗೆ ತೋರಿಸಿದಂತೆ ಆಗುತ್ತದೋ ಇಲ್ಲವೋ, ನಾನು ತೀರ್ಪು ಕೊಡುವವನಲ್ಲ. ಸಾಯನ್ ಕೋಟೆಯಲ್ಲಿರುವ ಪುರಾತತ್ವ ಇಲಾಖೆಯ ಕಚೇರಿಗೆ ಬರೆದು ಕೇಳಿ. ಶಾಲನ್ನಂತೂ ಊರಿಗೆ ಬಂದು ಸಂಘದಲ್ಲೇ ಹೊದಿಸಿ, ಸ್ಮಾರಕದೊಳಗೆ ಸಭೆ ಸಮಾರಂಭಕ್ಕೆ ಬೇರೆ ಅನುಮತಿ ಬೇಕು.

ಡೊಂಬಿವಲಿಯ ಸದಸ್ಯೆ: ಮೇಷ್ಟ್ರಿಗೆ ಮಂಡಿನೋವು, ಮೆಟ್ಟಿಲು ಹತ್ತಿದ ಮೇಲೆ ಒಂದು ಗಂಟೆ ನಿಂತು ಹೇಳಲು ಆಗುತ್ತದೆಯೋ ಏನೋ. ಅವರನ್ನೇ ಕೇಳಿ ಹೇಳುತ್ತೇನೆ.